ಭಾಡೆ ಕರಾರು ಮುಗಿಯುವ ಮುನ್ನ ಮಾಲಕರಿಗೆ ಬರೆಯುವ ಇಮೇಲ್

ಕಾಸಾರಶಿರಸಿಯಂಥ ಊರಿನಲ್ಲಿ ಕಚೇರಿಯ ಭಾಡೆ ಮಾತು ಸಾಮಾನ್ಯವಾಗಿ ಚಹಾದ ಜೊತೆ ಮುಗಿದುಹೋಗುತ್ತದೆ. ಆದರೆ ಮೇನ್ ರೋಡಿನ ಎಷ್ಟೋ ಜಾಗಗಳ ಮಾಲಕರು ಈಗ ಪುಣೆ, ಸೋಲಾಪುರ, ಹೈದರಾಬಾದಿನಲ್ಲಿ ಇರುತ್ತಾರೆ. ದೀಪಾವಳಿಗೋ ಜಾತ್ರೆಗೋ ಬಂದಾಗ ನಡೆದ ಮಾತು ಅವರು ಬಸ್ಸು ಹತ್ತಿದ ಮೇಲೆ ಇಬ್ಬರ ನೆನಪಿನಲ್ಲೂ ಬೇರೆ ಬೇರೆಯಾಗಿ ಉಳಿಯುತ್ತದೆ. ಮಾಲಕರಿಗೆ "ಹತ್ತು ಸಾವಿರ ಅಂದಿದ್ದೆ" ಎಂಬುದು ನೆನಪಿರುತ್ತದೆ, ಭಾಡೆಕರುವಿಗೆ "ನೋಡೋಣ ಅಂದಿದ್ದರು" ಎಂಬುದು. ಕರಾರು ಮುಗಿಯುವ ನಾಲ್ಕು ತಿಂಗಳ ಮೊದಲು ಸರಿಯಾಗಿ ಬರೆದ ಒಂದು ಇಮೇಲ್ ಈ ಜಗಳವನ್ನು ಹುಟ್ಟುವ ಮೊದಲೇ ತಪ್ಪಿಸಬಲ್ಲದು. ಭಾಡೆ, ಅವಧಿ ಎರಡನ್ನೂ ಬದಲಾಯಿಸುವ ವಿಚಾರವಿದ್ದರಂತೂ ಬರೆಯಲೇಬೇಕು.

ಒಂದು ಉದಾಹರಣೆಯನ್ನು ಇಟ್ಟುಕೊಂಡು ಹೋಗೋಣ. ಊರಿನಲ್ಲಿ ಲೆಕ್ಕಪತ್ರ ಮತ್ತು ತೆರಿಗೆ ಸಲಹೆಯ ಕಚೇರಿ ನಡೆಸುವ ಒಬ್ಬರಿದ್ದಾರೆ ಎನ್ನಿ. ಜಾಗ ಸುಮಾರು 300 ಚದರ ಅಡಿ. 1 ಏಪ್ರಿಲ್ 2024ರಿಂದ 36 ತಿಂಗಳ ನೋಂದಾಯಿತ ಲೀವ್ ಅಂಡ್ ಲೈಸೆನ್ಸ್ ಕರಾರು ಇದೆ, 31 ಮಾರ್ಚ್ 2027ಕ್ಕೆ ಮುಗಿಯುತ್ತದೆ. ಮೂರು ವರ್ಷವೂ ಭಾಡೆ 8,000 ರೂಪಾಯಿ, ಅನಾಮತು 40,000. ಮಾಲಕರು ಪುಣೆಯಲ್ಲಿದ್ದಾರೆ. ದೀಪಾವಳಿಗೆ ಬಂದಾಗ "ಇನ್ನು ಹತ್ತು ಸಾವಿರ ಆಗಬೇಕು, ಅದೂ ಹನ್ನೊಂದು ತಿಂಗಳಿಗಷ್ಟೇ" ಎಂದು ಹೇಳಿ ಹೋಗಿದ್ದಾರೆ.

ಬರೆಯಲು ಕೂರುವ ಮೊದಲು ಹಳೆಯ ಕರಾರನ್ನು ತೆಗೆದು ಮುಂದುವರಿಸುವ ಕಲಮನ್ನು ಹುಡುಕಿ. ಅದು ಎರಡು ರೀತಿಯಲ್ಲಿ ಇರಬಹುದು, ಎರಡರ ನಡುವೆ ತುಂಬ ಅಂತರವಿದೆ. "ಇಬ್ಬರ ಒಪ್ಪಿಗೆಯಿಂದ ಅವಧಿಯನ್ನು ಮುಂದುವರಿಸಬಹುದು" ಎಂದಷ್ಟೇ ಬರೆದಿದ್ದರೆ ನಿಮಗೆ ಯಾವ ಹಕ್ಕೂ ಇಲ್ಲ. ಮಾಲಕರು ಬೇಡ ಎಂದರೆ ಮಾತು ಮುಗಿಯಿತು. ಆದರೆ "ಭಾಡೆಕರು ಅವಧಿ ಮುಗಿಯುವ ಮೂರು ತಿಂಗಳ ಮೊದಲು ಲಿಖಿತ ಸೂಚನೆ ಕೊಟ್ಟರೆ ಇಂತಿಷ್ಟು ಭಾಡೆಗೆ ಇನ್ನು ಮೂರು ವರ್ಷ ಮುಂದುವರಿಸತಕ್ಕದ್ದು" ಎಂದಿದ್ದರೆ ಅದು ನಿಮ್ಮ ಕೈಯಲ್ಲಿರುವ ಹಕ್ಕು. ಆ ಹಕ್ಕಿಗೆ ಹೇಳಿದ ದಿನಾಂಕವೇ ಪ್ರಾಣ. ಕಾಲ್ಟೆಕ್ಸ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1969ರ ಹೊತ್ತಿಗೇ ಇದನ್ನು ಸ್ಪಷ್ಟಪಡಿಸಿದೆ: ಲೀಸ್ ಮುಂದುವರಿಸುವ ಆಯ್ಕೆಗೆ ಗಡುವು ಹಾಕಿದ್ದರೆ ಆ ಗಡುವಿನೊಳಗೇ ಅದನ್ನು ಬಳಸಬೇಕು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಹಕ್ಕಿನ ಕಲಮು ಇದ್ದವರು "ಭಾಡೆ ಇಷ್ಟಕ್ಕೆ ಇಳಿಸಿದರೆ ಮುಂದುವರಿಸುತ್ತೇನೆ" ಎಂದು ಬರೆದರೆ ಅದು ಹಕ್ಕನ್ನು ಬಳಸಿದಂತೆ ಆಗದೇ ಹೋಗಬಹುದು. ಹೊಸ ಷರತ್ತು ಹಾಕಿದ್ದೀರಿ, ಹಳೆಯ ಕಲಮನ್ನು ಬಳಸಿಲ್ಲ ಎಂದು ಮಾಲಕರ ವಕೀಲರು ವಾದಿಸಲು ದಾರಿಯಾಗುತ್ತದೆ. ಹಾಗಾಗಿ ಅಂಥವರು ಎರಡು ಮಾತನ್ನು ಬೇರೆ ಬೇರೆಯಾಗಿ ಬರೆಯಬೇಕು. ಮೊದಲ ಸಾಲಿನಲ್ಲಿ ಯಾವ ಷರತ್ತೂ ಇಲ್ಲದೆ "ಇಂಥ ಕಲಮಿನ ಪ್ರಕಾರ ನಾನು ಕರಾರನ್ನು ಮುಂದುವರಿಸುತ್ತಿದ್ದೇನೆ" ಎಂದು ಬರೆಯಲಿ. ಅದಾದ ಮೇಲೆ "ಇದಕ್ಕೆ ಧಕ್ಕೆ ಬಾರದಂತೆ, ನೀವು ಒಪ್ಪುವುದಾದರೆ ಈ ಬದಲಾವಣೆ ಮಾಡಿಕೊಳ್ಳೋಣ" ಎಂದು ಕೇಳಲಿ. ಕರಾರಿನಲ್ಲಿ ರಜಿಸ್ಟರ್ಡ್ ಅಂಚೆಯಿಂದಲೇ ಸೂಚನೆ ಕೊಡಬೇಕು ಎಂದಿದ್ದರೆ ಇಮೇಲ್ ಒಂದೇ ಸಾಲದು, ಅದೇ ಪತ್ರವನ್ನು ಅಂಚೆಯಲ್ಲೂ ಕಳಿಸಬೇಕು. ನಮ್ಮ ಉದಾಹರಣೆಯವರ ಕರಾರಿನಲ್ಲಿ ಇರುವುದು ಮೊದಲ ರೀತಿಯ ಕಲಮು, ಅಂದರೆ ಹಕ್ಕು ಇಲ್ಲ. ಅವರು ಮಾಲಕರನ್ನು ಒಪ್ಪಿಸಿಯೇ ಮುಂದೆ ಹೋಗಬೇಕು.

ಒಪ್ಪಿಸುವುದು ಹೇಗೆ? ಭಾಡೆಯನ್ನೂ ಅವಧಿಯನ್ನೂ ಒಂದೇ ವ್ಯವಹಾರವಾಗಿ ಮುಂದಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. "ಭಾಡೆ ಕಡಿಮೆ ಮಾಡಿ" ಎಂಬುದು ಒಂದು ಬೇಡಿಕೆ ಅಷ್ಟೇ, ಅದರಲ್ಲಿ ಮಾಲಕರಿಗೆ ಸಿಗುವುದು ಏನೂ ಇಲ್ಲ. "ಮೂರು ವರ್ಷ ಜಾಗ ಖಾಲಿ ಬೀಳುವುದಿಲ್ಲ, ಭಾಡೆ ವರ್ಷ ವರ್ಷ ತಾನಾಗಿಯೇ ಏರುತ್ತದೆ, ಆರಂಭದ ಮೊತ್ತ ಮಾತ್ರ ಸ್ವಲ್ಪ ಕೆಳಗಿರಲಿ" ಎಂದರೆ ಅಲ್ಲಿ ಕೊಡುವುದೂ ಇದೆ, ಪಡೆಯುವುದೂ ಇದೆ. ದೂರದ ಊರಿನಲ್ಲಿರುವ ಮಾಲಕರಿಗೆ ನಿಜವಾದ ಭಯ ಖಾಲಿ ಜಾಗದ್ದು. ಹೊಸ ಭಾಡೆಕರುವನ್ನು ಹುಡುಕಲು ಅವರು ಪುಣೆಯಿಂದ ಎರಡು ಮೂರು ಸಲ ಓಡಾಡಬೇಕು.

ಲೆಕ್ಕ ಹಾಕಿ ನೋಡಿ. ಮೂರು ವರ್ಷ ಭಾಡೆ ಏರಿಲ್ಲ, ಆದ್ದರಿಂದ ಈಗ ಒಂದಿಷ್ಟು ಏರಿಕೆ ನ್ಯಾಯವೇ. ಮಹಾರಾಷ್ಟ್ರ ಭಾಡೆ ನಿಯಂತ್ರಣ ಕಾಯ್ದೆ 1999ರ 11ನೇ ಕಲಮು ಮಾಲಕರಿಗೆ ವರ್ಷಕ್ಕೆ ಶೇ. 4ರ ಏರಿಕೆಯ ಅವಕಾಶ ಕೊಡುತ್ತದೆ. ಆ ಕಾಯ್ದೆ ತನ್ನ ಅನುಸೂಚಿಯಲ್ಲಿರುವ ಊರುಗಳಿಗಷ್ಟೇ ಅನ್ವಯಿಸುತ್ತದೆ, ನಿಮ್ಮ ಊರು ಅದರಲ್ಲಿದೆಯೇ ಎಂದು ವಕೀಲರಲ್ಲಿ ಕೇಳಿಕೊಳ್ಳಿ. ಇರಲಿ ಬಿಡಲಿ, ಆ ಶೇ. 4 ಮಾತುಕತೆಗೆ ಒಳ್ಳೆಯ ಅಳತೆಗೋಲು. ಮೂರು ವರ್ಷಕ್ಕೆ ಶೇ. 12 ಎಂದರೆ 8,000ವು 8,960 ಆಗುತ್ತದೆ. ಮಾಲಕರು ಕೇಳಿದ 10,000 ಶೇ. 25ರ ಏರಿಕೆ. ಹಾಗಾದರೆ ನಮ್ಮವರು ಎಲ್ಲಿಂದ ಶುರು ಮಾಡಬೇಕು? ಮೊದಲ ವರ್ಷಕ್ಕೆ ಶೇ. 10 ಏರಿಸಿ 8,800, ಆಮೇಲೆ ವರ್ಷಕ್ಕೆ ಶೇ. 5ರಂತೆ 9,240 ಮತ್ತು 9,702. ಮನಸ್ಸಿನಲ್ಲಿ ಮಾತ್ರ ಮೊದಲ ವರ್ಷಕ್ಕೆ 9,000ದವರೆಗೆ ಹೋಗಬಹುದು ಎಂದು ಗೆರೆ ಎಳೆದುಕೊಳ್ಳಬೇಕು. ಆ ಗೆರೆ ಇಮೇಲಿನಲ್ಲಿ ಕಾಣಬಾರದು.

ಮಾಲಕರ ಕಡೆಯಿಂದಲೂ ನೋಡಿ. 10,000ಕ್ಕೂ 8,800ಕ್ಕೂ ತಿಂಗಳಿಗೆ 1,200 ರೂಪಾಯಿ ಅಂತರ, ವರ್ಷಕ್ಕೆ 14,400. ಇವರು ಬಿಟ್ಟುಹೋಗಿ ಜಾಗ ಎರಡು ತಿಂಗಳು ಖಾಲಿ ಬಿದ್ದರೆ ಮಾಲಕರಿಗೆ 20,000 ನಷ್ಟ, ಅಂದರೆ ಹೆಚ್ಚು ಕೇಳಿದ ಭಾಡೆಯ ಒಂದು ವರ್ಷದ ಲಾಭಕ್ಕಿಂತ ಜಾಸ್ತಿ. ಈ ಲೆಕ್ಕವನ್ನು ಇಮೇಲಿನಲ್ಲಿ ಹಾಗೆಯೇ ಬರೆಯಬೇಡಿ, ಬೆದರಿಕೆಯಂತೆ ಕೇಳಿಸುತ್ತದೆ. ಫೋನಿನಲ್ಲಿ ಅವರೇ ಕೇಳಿದರೆ ಹೇಳಲು ಇಟ್ಟುಕೊಳ್ಳಿ. ಪಕ್ಕದ ಎರಡು ಮೂರು ಜಾಗಗಳ ಭಾಡೆಯನ್ನು ಮಾತ್ರ ತಿಳಿದುಕೊಂಡು ಬರೆಯಿರಿ. ಮಾಲಕರೂ ಅದನ್ನೇ ವಿಚಾರಿಸುತ್ತಾರೆ. ನಿಮ್ಮ ಮಾತು ಅವರು ಕೇಳಿದ್ದಕ್ಕೆ ತಾಳೆಯಾದರೆ ಉಳಿದದ್ದನ್ನೂ ನಂಬುತ್ತಾರೆ.

ಇಷ್ಟಾದ ಮೇಲೆ ಇಮೇಲ್ ಹೀಗಿರಬಹುದು:

> ವಿಷಯ: ಮೇನ್ ರೋಡ್ ಕಚೇರಿಯ ಕರಾರು 31 ಮಾರ್ಚ್ 2027ಕ್ಕೆ ಮುಕ್ತಾಯ, ಮುಂದಿನ 36 ತಿಂಗಳಿಗೆ ಪ್ರಸ್ತಾವ
>
> ಪೂಜ್ಯ ಕಾಕಾ ಅವರಿಗೆ ಶರಣಾರ್ಥಿ.
>
> ದೀಪಾವಳಿಗೆ ಬಂದಾಗ ಕಚೇರಿಯ ಭಾಡೆಯ ಬಗ್ಗೆ ಮಾತಾಡಿದ್ದೆವು. ಆಗ ತಾವು 10,000 ರೂ. ಭಾಡೆ ಮತ್ತು 11 ತಿಂಗಳ ಅವಧಿ ಹೇಳಿದ್ದಿರಿ. ವಿಚಾರ ಮಾಡಿ ನನ್ನ ಪ್ರಸ್ತಾವವನ್ನು ಬರೆಯುತ್ತಿದ್ದೇನೆ.
>
> ನಮ್ಮ ಈಗಿನ ಕರಾರು 31 ಮಾರ್ಚ್ 2027ಕ್ಕೆ ಮುಗಿಯುತ್ತದೆ. ಇದೇ ಜಾಗದಲ್ಲಿ ಮುಂದುವರಿಯಲು ನನಗೆ ಇಷ್ಟವಿದೆ. 1 ಏಪ್ರಿಲ್ 2027ರಿಂದ 31 ಮಾರ್ಚ್ 2030ರವರೆಗೆ 36 ತಿಂಗಳಿಗೆ ಕರಾರು ಮಾಡಿಕೊಳ್ಳೋಣ. ಭಾಡೆ ಮೊದಲ ವರ್ಷ ತಿಂಗಳಿಗೆ 8,800, ಎರಡನೇ ವರ್ಷ 9,240, ಮೂರನೇ ವರ್ಷ 9,702 ರೂ. ಇರಲಿ. ಮೂರು ವರ್ಷದಿಂದ ಭಾಡೆ ಏರಿಲ್ಲದ ಕಾರಣ ಮೊದಲ ವರ್ಷವೇ ಶೇ. 10 ಏರಿಸಿದ್ದೇನೆ. ಪಕ್ಕದ ಇಷ್ಟೇ ದೊಡ್ಡ ಜಾಗಗಳಿಗೆ ಈಗ 8,500ರಿಂದ 9,500 ಇದೆ.
>
> ಅನಾಮತು 40,000 ಹಾಗೆಯೇ ಇರಲಿ. ಮೊದಲ 12 ತಿಂಗಳು ನಾನು ಬಿಡುವುದಿಲ್ಲ, ತಾವೂ ಬಿಡಿಸಬಾರದು. ಆಮೇಲೆ ಯಾರಾದರೂ ಎರಡು ತಿಂಗಳ ಲಿಖಿತ ಸೂಚನೆ ಕೊಟ್ಟು ಕರಾರು ಮುಗಿಸಬಹುದು. ನಾನು ಹಾಕಿಸಿದ ಪಾರ್ಟಿಶನ್, ಇನ್ವರ್ಟರ್ ಬಿಡುವಾಗ ನಾನೇ ಒಯ್ಯುತ್ತೇನೆ. ಮೇಲಿನ ಭಾಡೆಯಲ್ಲಿ ಜಿಎಸ್‌ಟಿ ಸೇರಿಲ್ಲ, ಅದು ಅನ್ವಯಿಸಿದರೆ ನಿಯಮದಂತೆ ನಾನೇ ತುಂಬುತ್ತೇನೆ.
>
> ಮಳೆಗಾಲದಲ್ಲಿ ಹಿಂದಿನ ಗೋಡೆಯ ಕಡೆ ಸ್ಲ್ಯಾಬ್ ಸೋರಿದೆ. ಫೋಟೋ ಜೊತೆಗಿವೆ. ಏಪ್ರಿಲ್‌ಗೆ ಮೊದಲು ತಾವು ರಿಪೇರಿ ಮಾಡಿಸಬೇಕೆಂದು ವಿನಂತಿ.
>
> ಇದು ಪ್ರಸ್ತಾವ ಮಾತ್ರ. ಇಬ್ಬರೂ ಸಹಿ ಮಾಡಿದ ಕರಾರು ನೋಂದಣಿಯಾದ ಮೇಲೆಯೇ ಇಬ್ಬರಿಗೂ ಬದ್ಧ. ಮಾತುಕತೆ ಮಾರ್ಚ್ ದಾಟಿದರೆ ಅಲ್ಲಿಯವರೆಗೆ ಈಗಿನ ದರದಲ್ಲೇ ಭಾಡೆ ತುಂಬುತ್ತೇನೆ, ಒಪ್ಪಿದ ಮೇಲೆ ಏಪ್ರಿಲ್‌ನಿಂದ ವ್ಯತ್ಯಾಸ ಹೊಂದಿಸುತ್ತೇನೆ. ಇದಕ್ಕೂ ತಮ್ಮ ಒಪ್ಪಿಗೆ ತಿಳಿಸಿ.
>
> ಡಿಸೆಂಬರ್ 15ರೊಳಗೆ ಉತ್ತರ ಬರೆದರೆ ಜನವರಿಯಲ್ಲಿ ಕರಾರಿನ ಕರಡು ಕಳಿಸುತ್ತೇನೆ. ರವಿವಾರ ಸಂಜೆ ಫೋನ್ ಮಾಡಲೇ?
>
> ತಮ್ಮ, (ಹೆಸರು, ಮೊಬೈಲ್ ಸಂಖ್ಯೆ)

ಇದರಲ್ಲಿ ಕೆಲವು ಸಾಲುಗಳು ಯಾಕೆ ಇವೆ ಎಂದು ಹೇಳಬೇಕು. ಬಾಯಿಮಾತಿನಲ್ಲಿ ಮಾಲಕರು ಹೇಳಿದ ಮೊತ್ತವನ್ನು ಮೊದಲೇ ಪ್ರಾಮಾಣಿಕವಾಗಿ ಬರೆದದ್ದರಿಂದ ಅವರಿಗೆ ತಮ್ಮ ಮಾತು ಕೇಳಿಸಿಕೊಂಡಿದ್ದಾರೆ ಅನ್ನಿಸುತ್ತದೆ. ಮೌನವಾಗಿದ್ದರೆ "ಆಗಲೇ ಒಪ್ಪಿದ್ದರು" ಎನ್ನಲು ಅವಕಾಶ ಉಳಿಯುತ್ತಿತ್ತು. ಶೇಕಡಾವಾರಿನ ಜೊತೆ ಪ್ರತಿ ವರ್ಷದ ರೂಪಾಯಿಯನ್ನೂ ಬರೆಯಲೇಬೇಕು. "ವರ್ಷಕ್ಕೆ ಶೇ. 5" ಎಂದಷ್ಟೇ ಇದ್ದರೆ ಮೂರನೇ ವರ್ಷ ಅದು ಮೂಲ ಭಾಡೆಯ ಮೇಲೋ ಹಿಂದಿನ ವರ್ಷದ ಭಾಡೆಯ ಮೇಲೋ ಎಂಬ ಪ್ರಶ್ನೆ ಬರುತ್ತದೆ.

"ಇದು ಪ್ರಸ್ತಾವ ಮಾತ್ರ" ಎಂಬ ಸಾಲನ್ನು ಸೌಜನ್ಯದ ಮಾತೆಂದು ತಿಳಿದು ಬಿಡಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮಿನ ಪ್ರಕಾರ ಇಮೇಲಿನಲ್ಲಿ ಆದ ಒಪ್ಪಂದವನ್ನು ಇಮೇಲ್ ಎಂಬ ಕಾರಣಕ್ಕೇ ತಳ್ಳಿಹಾಕಲಾಗದು. 2010ರ ಟ್ರೈಮೆಕ್ಸ್–ವೇದಾಂತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಮೇಲುಗಳಲ್ಲಿ ಆದ ವ್ಯವಹಾರವನ್ನೇ ಕರಾರು ಎಂದು ಒಪ್ಪಿದೆ. ಮಾಲಕರ ಮರುಪತ್ರಕ್ಕೆ ಅವಸರದಲ್ಲಿ "ಆಯಿತು ಕಾಕಾ, ಒಪ್ಪಿದೆ" ಎಂದು ಮೊಬೈಲಿನಿಂದ ಒತ್ತುವ ಮೊದಲು ಇದು ನೆನಪಿರಲಿ. ಆದರೆ ಇಮೇಲ್ ಎಷ್ಟೇ ಗಟ್ಟಿಯಾಗಿದ್ದರೂ ಅದು ನೋಂದಾಯಿತ ಕರಾರಿನ ಜಾಗದಲ್ಲಿ ನಿಲ್ಲಲಾರದು. ಅದು ಸಾಕ್ಷಿ ಅಷ್ಟೇ.

ಸ್ಲ್ಯಾಬಿನ ಮಾತನ್ನು ಭಾಡೆಯ ಮಾತಿನಿಂದ ಬೇರೆ ಇಟ್ಟದ್ದೂ ಬೇಕೆಂದೇ. ಸೋರುವುದನ್ನು ಭಾಡೆ ಇಳಿಸಲು ಕಾರಣ ಮಾಡಿದರೆ ಮಾಲಕರು ನೂರು ರೂಪಾಯಿ ಇಳಿಸಿ ರಿಪೇರಿಯನ್ನು ಮರೆಯುತ್ತಾರೆ, ಮುಂದಿನ ಮೂರು ಮಳೆಗಾಲ ನಿಮ್ಮ ಕಡತಗಳು ನೆನೆಯುತ್ತವೆ. 30 ಸೆಪ್ಟೆಂಬರ್ 1993ರ ಕಿಲ್ಲಾರಿ ಭೂಕಂಪವನ್ನು ಕಂಡ ಸೀಮೆ ಇದು. ಜಾಗ ಆ ಭೂಕಂಪಕ್ಕೂ ಹಿಂದಿನ ಹಳೆಯ ಕಲ್ಲುಗೋಡೆಯದಾಗಿದ್ದರೆ ಬಿರುಕುಗಳ ಫೋಟೋಗಳನ್ನು ದಿನಾಂಕ ಸಹಿತ ಕಳಿಸಿಡುವುದು ಇನ್ನೂ ಮುಖ್ಯ.

ಜಿಎಸ್‌ಟಿಯ ಸಾಲನ್ನು ಯಾಕೆ ಸೇರಿಸಿದೆ ಎಂದರೆ, 10 ಅಕ್ಟೋಬರ್ 2024ರಿಂದ ನಿಯಮ ಬದಲಾಗಿದೆ. ಮಾಲಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದೆ, ಭಾಡೆಕರುವಿಗೆ ಇದ್ದರೆ, ಕಚೇರಿ ಭಾಡೆಯ ಮೇಲಿನ ಶೇ. 18 ತೆರಿಗೆಯನ್ನು ಭಾಡೆಕರುವೇ ನೇರವಾಗಿ ತುಂಬಬೇಕು. 8,800ರ ಮೇಲೆ ಅದು 1,584 ರೂಪಾಯಿ. ಸಾಮಾನ್ಯ ಪದ್ಧತಿಯಲ್ಲಿ ನೋಂದಣಿಯಾದ, ತೆರಿಗೆಗೊಳಪಟ್ಟ ವ್ಯವಹಾರ ಮಾಡುವವರಿಗೆ ಇದು ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ. ಕಂಪೋಜಿಶನ್ ಪದ್ಧತಿಯವರನ್ನು 16 ಜನವರಿ 2025ರಿಂದ ಇದರಿಂದ ಹೊರಗಿಡಲಾಗಿದೆ. ಮಾಲಕರಿಗೇ ನೋಂದಣಿ ಇದ್ದರೆ ಅವರೇ ಬಿಲ್ಲಿನಲ್ಲಿ ಹಾಕುತ್ತಾರೆ. ಯಾವುದಾದರೂ ಸರಿ, ಹೇಳಿದ ಭಾಡೆಯಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲ ಪತ್ರದಲ್ಲೇ ಬರೆಯಬೇಕು.

ಇನ್ನು ಯಾರಿಗೆ ಬರೆಯುವುದು? ಇದು ಸರಳ ಪ್ರಶ್ನೆಯಲ್ಲ. ಭಾಡೆ ಪಡೆಯುವವರು ಒಬ್ಬರು, ದಾಖಲೆಯಲ್ಲಿ ಮಾಲಕರು ಇನ್ನೊಬ್ಬರು ಎಂಬುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ತಂದೆ ತೀರಿಕೊಂಡು ಹೆಸರು ಬದಲಾಗದೇ ಇರುತ್ತದೆ, ಇಲ್ಲವೇ ಅಣ್ಣತಮ್ಮಂದಿರ ಸಾಮಾಯಿಕ ಆಸ್ತಿಯಾಗಿರುತ್ತದೆ. ಗ್ರಾಮ ಪಂಚಾಯತಿಯಲ್ಲಿ ನಮುನಾ 8ರ ಪ್ರತಿ, ಉಮರ್ಗಾ, ನಿಲಂಗಾ, ಉದಗೀರದಂಥ ಪಟ್ಟಣವಾದರೆ ನಗರಪರಿಷತ್ತಿನ ಮಾಲಮತ್ತೆಯ ಕರ ದಾಖಲೆ ತೆಗೆದು ನೋಡಿ. ಅಲ್ಲಿ ಇಬ್ಬರ ಹೆಸರಿದ್ದರೆ ಇಮೇಲ್ ಇಬ್ಬರಿಗೂ ಹೋಗಬೇಕು. ಒಬ್ಬರೇ ಸಹಿ ಮಾಡುವುದಾದರೆ ಇನ್ನೊಬ್ಬರ ಮುಖತ್ಯಾರ ಪತ್ರ ಬೇಕು. ಹಾಗಲ್ಲದೆ ಒಬ್ಬರ ಮಾತು ನಂಬಿ ಮೂರು ವರ್ಷದ ಕರಾರು ಮಾಡಿಕೊಂಡರೆ, ಆರು ತಿಂಗಳ ನಂತರ ತಮ್ಮ ಬಂದು "ನನ್ನನ್ನು ಯಾರು ಕೇಳಿದರು?" ಎಂದು ಬಾಗಿಲಲ್ಲಿ ನಿಲ್ಲುತ್ತಾನೆ.

ಮಾಲಕರು ಹನ್ನೊಂದು ತಿಂಗಳಿಗೇ ಪಟ್ಟು ಹಿಡಿದರೆ ಅದರ ಹಿಂದಿನ ಕಾರಣ ಕೇಳಿ. ಬಹುತೇಕ ಸಲ "ಅಷ್ಟಾದರೆ ನೋಂದಣಿ ಬೇಡ" ಎಂಬ ನಂಬಿಕೆ ಇರುತ್ತದೆ. ಗಡಿಯಾಚೆಯ ಬಸವಕಲ್ಯಾಣ, ಬೀದರದ ಕಡೆ ಬಾಂಡ್ ಪೇಪರಿನ ಮೇಲೆ ಹನ್ನೊಂದು ತಿಂಗಳ ಕರಾರು ಬರೆಸುವ ರೂಢಿ ಇರುವುದರಿಂದ, ನಂಟಸ್ತನದ ಜೊತೆಗೆ ಆ ನಂಬಿಕೆಯೂ ಇತ್ತ ಬಂದಿದೆ. 1956ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ಹೈದರಾಬಾದ್ ರಾಜ್ಯದ 1954ರ ಭಾಡೆ ಕಾನೂನು ಮರಾಠವಾಡಾದಲ್ಲಿ ಈ ಶತಮಾನದ ಹೊಸ್ತಿಲವರೆಗೂ ನಡೆಯಿತು. ಆದರೆ 31 ಮಾರ್ಚ್ 2000ದಂದು ಜಾರಿಗೆ ಬಂದ ಮಹಾರಾಷ್ಟ್ರದ ಕಾಯ್ದೆಯ 55ನೇ ಕಲಮು ಹನ್ನೊಂದು ತಿಂಗಳಿಗೆ ವಿನಾಯಿತಿ ಕೊಡುವುದಿಲ್ಲ. ಕಾಯ್ದೆ ಅನ್ವಯಿಸುವ ಕಡೆ ಅವಧಿ ಎಷ್ಟೇ ಇದ್ದರೂ ಕರಾರು ಲಿಖಿತವಾಗಿ ನೋಂದಣಿಯಾಗಬೇಕು, ಆ ಹೊಣೆ ಮಾಲಕರದು. ಆಗದಿದ್ದರೆ ಷರತ್ತುಗಳ ಬಗ್ಗೆ ಭಾಡೆಕರು ಹೇಳಿದ್ದೇ, ಸುಳ್ಳೆಂದು ಸಾಬೀತಾಗುವವರೆಗೆ, ನಿಲ್ಲುತ್ತದೆ. ಇದನ್ನು ಮಾಲಕರಿಗೆ ಕಾನೂನಿನ ಹೆದರಿಕೆಯಾಗಿ ಹೇಳದೆ, "ಹೇಗೂ ನೋಂದಣಿ ಮಾಡಬೇಕು, ಹನ್ನೊಂದು ತಿಂಗಳಿಗೊಮ್ಮೆ ಮಾಡುವ ಬದಲು ಮೂರು ವರ್ಷಕ್ಕೆ ಒಂದೇ ಸಲ ಮುಗಿಸೋಣ" ಎಂದು ಹೇಳಿ.

ಉದಾಹರಣೆಯ ಮಾಲಕರು ಮರುಪತ್ರದಲ್ಲಿ 9,500 ಕೇಳಿದರು, 36 ತಿಂಗಳಿಗೆ ಒಪ್ಪಿದರು ಎನ್ನಿ. ಅವಧಿ ಸಿಕ್ಕಿತು. ಇನ್ನು ಭಾಡೆಕರು 9,000ಕ್ಕೆ ಏರಿ, ಮುಂದೆ 9,450, 9,925 ಎಂದು ಮುಗಿಸಬಹುದು. ಮೂರು ವರ್ಷದ ಒಟ್ಟು ಭಾಡೆ 3,40,500. ಅನಾಮತಿನ ಮೇಲೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಎಣಿಸಿ 12,000 ಸೇರಿಸಿದರೆ 3,52,500. ಅರವತ್ತು ತಿಂಗಳೊಳಗಿನ ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ಮುದ್ರಾಂಕ ಶುಲ್ಕ ಇದರ ಶೇ. 0.25, ಅಂದರೆ ಸುಮಾರು 881 ರೂಪಾಯಿ. ನೋಂದಣಿ ಶುಲ್ಕ ಗ್ರಾಮೀಣ ಭಾಗಕ್ಕೆ 500, ನಗರಪರಿಷತ್ತಿನ ಊರಿಗೆ 1,000. ಅರವತ್ತು ತಿಂಗಳು ದಾಟಿದರೆ ಲೀಸಿನ ದರ ಬೀಳುತ್ತದೆ, ಅದನ್ನು ಜಾಗದ ಮಾರುಕಟ್ಟೆ ಬೆಲೆಯ ಮೇಲೆ ಎಣಿಸುತ್ತಾರೆ. ಆದ್ದರಿಂದ ಸಣ್ಣ ಕಚೇರಿಗೆ ಐದು ವರ್ಷಕ್ಕಿಂತ ಹೆಚ್ಚಿನ ಅವಧಿ ಕೇಳುವುದು ಸರಿಯಲ್ಲ ಎಂದೇ ನನ್ನ ಸಲಹೆ.

ಉತ್ತರವೇ ಬಾರದಿದ್ದರೆ? ಹೇಳಿದ ದಿನ ದಾಟಿದ ಮೇಲೆ ಫೋನ್ ಮಾಡಿ, ಮಾತಾಡಿದ್ದನ್ನು ಅದೇ ದಿನ ಎರಡು ಸಾಲಿನಲ್ಲಿ ಅದೇ ಇಮೇಲಿನ ಕೆಳಗೆ ಬರೆದು ಕಳಿಸಿ: "ಇಂದು ಫೋನಿನಲ್ಲಿ ತಾವು ಹೀಗೆ ಹೇಳಿದಿರಿ, ನಾನು ಹೀಗೆ ಹೇಳಿದೆ." ಮಾಲಕರ ಮೌನವನ್ನು ಒಪ್ಪಿಗೆ ಎಂದು ಎಣಿಸಬೇಡಿ. ಲೀಸ್ ಇದ್ದು ಅವಧಿ ಮುಗಿದ ಮೇಲೂ ಅವರು ಭಾಡೆ ಪಡೆಯುತ್ತಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಮಿನಂತೆ ಅದು ತಿಂಗಳ ಭಾಡೆಯಾಗಿ ಮುಂದುವರಿಯಬಹುದು, ಆದರೆ ಆಗ ಹದಿನೈದು ದಿನದ ಸೂಚನೆಯಲ್ಲಿ ಬಿಡಿಸಬಹುದು. ಲೀವ್ ಅಂಡ್ ಲೈಸೆನ್ಸ್ ಆದರೆ ಇನ್ನೂ ದುರ್ಬಲ. ಅವಧಿ ಮುಗಿದ ಮೇಲೆ ಕೂತರೆ ದಿನಕ್ಕೆ ಇಮ್ಮಡಿ ಭಾಡೆ ಎಂಬ ಕಲಮು ಎಷ್ಟೋ ಕರಾರುಗಳಲ್ಲಿ ಇರುತ್ತದೆ, ನಿಮ್ಮದರಲ್ಲಿದೆಯೇ ನೋಡಿಕೊಳ್ಳಿ. ಫೆಬ್ರುವರಿ ಕೊನೆಗೂ ಮಾತು ಕುದುರದಿದ್ದರೆ ಬೇರೆ ಜಾಗ ನೋಡಲು ಶುರು ಮಾಡುವುದೇ ವಿವೇಕ. ಜಿಎಸ್‌ಟಿ ನೋಂದಣಿಯ ವಿಳಾಸ ಬದಲಾದರೆ ಹದಿನೈದು ದಿನದೊಳಗೆ ತಿದ್ದುಪಡಿ ಅರ್ಜಿ ಹಾಕಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಪ್ಪಿಗೆಯಾದ ಮೇಲೆ ನೋಂದಣಿಗೆ ಇಬ್ಬರೂ ಉಪನೋಂದಣಿ ಕಚೇರಿಗೆ ಹೋಗಲೇಬೇಕೆಂದಿಲ್ಲ. ಮಹಾರಾಷ್ಟ್ರದ ನೋಂದಣಿ ಇಲಾಖೆ ಲೀವ್ ಅಂಡ್ ಲೈಸೆನ್ಸ್ ಕರಾರನ್ನು ಆಧಾರ್ ಗುರುತಿನ ಮೇಲೆ ಆನ್‌ಲೈನಿನಲ್ಲೇ ಮಾಡುತ್ತದೆ. ಕರಾರು ಮರಾಠಿಯಲ್ಲಿ ತಯಾರಾದರೆ, ಮರಾಠಿ ಚೆನ್ನಾಗಿ ಬರುವವರೂ ಇಮೇಲನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಷರತ್ತನ್ನೂ ತಾಳೆ ನೋಡಿ ಸಹಿ ಮಾಡಿ. ಏಜೆಂಟರು ಹಳೆಯ ಕರಾರನ್ನೇ ನಕಲು ಮಾಡಿದಾಗ ಎರಡನೇ ವರ್ಷದ ಏರಿಕೆ, ಸೂಚನೆಯ ತಿಂಗಳು, ರಿಪೇರಿಯ ಮಾತು ಬಿಟ್ಟುಹೋಗುತ್ತವೆ. ನೋಂದಣಿಯಾದ ದಿನವೇ ಇಂಡೆಕ್ಸ್-2ರ ಪ್ರತಿ ತೆಗೆದು ಹೆಸರು, ಅವಧಿ, ಭಾಡೆ, ಅನಾಮತು ನಾಲ್ಕೂ ಸರಿಯಾಗಿವೆಯೇ ನೋಡಿ. ತಪ್ಪಿದ್ದರೆ ಏಪ್ರಿಲ್ ಒಂದರ ಮೊದಲೇ ತಿದ್ದಿಸಿಕೊಳ್ಳಿ.